ತಾತನಿಗೆ ಓದಿ ಹೇಳುವ ಕಾಗದ

ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಒಂದು ಕಾಲಕ್ಕೆ ಯಾರ ಮನೆಗೆ ಕಾಗದ ಬಂದರೂ ಅದು ಕೊನೆಗೆ ನಮ್ಮ ಮನೆಯ ಜಗಲಿಗೆ ಬರುತ್ತಿತ್ತಂತೆ. ಅಕ್ಷರ ಬಲ್ಲವರು ಊರಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಆದರೆ ಓದಿ ಹೇಳುವುದಕ್ಕೆ ಜನ ಹುಡುಕಿಕೊಂಡು ಬರುತ್ತಿದ್ದುದು ನನ್ನ ತಾತನನ್ನು. ಮಗ ಸೈನ್ಯದಲ್ಲಿದ್ದ ಮನೆಯವರು, ಮಗಳನ್ನು ದೂರದ ಊರಿಗೆ ಕೊಟ್ಟವರು ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂಜೆ ಹೊತ್ತಿಗೆ ಬಂದು ಕೂರುತ್ತಿದ್ದರು.

ತಾತ ಕಾಗದವನ್ನು ತೆರೆದ ಕೂಡಲೇ ಓದುತ್ತಿರಲಿಲ್ಲ. ಮೊದಲು ಕೊನೆಯ ಸಾಲಿನವರೆಗೂ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. ಆಮೇಲೆ ತಲೆಯೆತ್ತಿ, "ಎಲ್ಲರೂ ಚೆನ್ನಾಗಿದ್ದಾರಂತೆ ಕಣವ್ವ" ಎಂದು ಹೇಳಿ, ಎದುರಿಗಿದ್ದವರ ಉಸಿರು ಕೆಳಗಿಳಿದ ಮೇಲೆ ಮೊದಲ ಸಾಲಿನಿಂದ ಶುರು ಮಾಡುತ್ತಿದ್ದರು. ಒಂದೇ ಉಸಿರಿಗೆ ನಿಲ್ಲದ ವಾಕ್ಯ ಬಂದರೆ ಅದನ್ನು ಎರಡು ಮಾಡಿ ಹೇಳುತ್ತಿದ್ದರು. ಸಾವಿನ ಸುದ್ದಿ ಬಂದ ಕಾರ್ಡನ್ನು ಓದಿ ಅಲ್ಲೇ ಹರಿದುಹಾಕುತ್ತಿದ್ದರು. ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ಕಡಿಮೆ, ಅಜ್ಜಿಯಿಂದ ಕೇಳಿದ್ದೇ ಹೆಚ್ಚು. ನಾನು ಹುಟ್ಟಿ ಬುದ್ಧಿ ಬರುವ ಹೊತ್ತಿಗೆ ಊರಿಗೆ ಮೊಬೈಲ್ ಬಂದಿತ್ತು.

ಕಳೆದ ಪುಷ್ಯಮಾಸದಲ್ಲಿ ಆ ತಾತನಿಗೆ ನಾನೇ ಒಂದು ಕಾಗದ ಬರೆದೆ. ಅವರು ಓದುವುದಕ್ಕಲ್ಲ, ಅವರಿಗೆ ಓದಿ ಹೇಳುವುದಕ್ಕೆ. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು, ಬಲಗಣ್ಣಿನಲ್ಲಿ ಎರಡು ಮಾರು ದೂರದ ಬೆರಳುಗಳನ್ನು ಎಣಿಸುವಷ್ಟು ಮಾತ್ರ ದೃಷ್ಟಿ ಉಳಿದಿತ್ತು.

ನಾನು ಮೈಸೂರಿನಲ್ಲಿ ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ದಿನಕ್ಕೆ ನಲವತ್ತು ಜನರ ಕಣ್ಣು ನೋಡುವವಳಿಗೆ ಮನೆಯಲ್ಲೇ ಇದ್ದ ಕಣ್ಣು ಕಾಣದೆ ಹೋಯಿತು ಎಂಬ ನೋವು ನನಗೆ ಈಗಲೂ ಇದೆ. ಮೂರು ವರ್ಷಗಳ ಹಿಂದೆ ತಾತ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪತ್ರಿಕೆ ಓದತೊಡಗಿದ್ದರು. ಮನೆಯವರೆಲ್ಲ ಹಿಗ್ಗಿದರು. ಎಪ್ಪತ್ತು ದಾಟಿದ ಮೇಲೆ ಕಣ್ಣು ಮರಳಿ ಬಂತು ಎಂದು ಅಜ್ಜಿ ಮೇಲುಕೋಟೆಗೆ ಹೋಗಿ ಹಣ್ಣುಕಾಯಿ ಮಾಡಿಸಿದರು. ನಾನು ಆಗಿನ್ನೂ ಓದುತ್ತಿದ್ದೆ. ಕಣ್ಣಿನೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತಾ ಹೋದಾಗ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಅದರಿಂದ ಹತ್ತಿರದ ಅಕ್ಷರ ಸ್ವಲ್ಪ ಕಾಲ ಕನ್ನಡಕವಿಲ್ಲದೆಯೇ ಕಾಣುತ್ತದೆ, ಅದು ಪೊರೆಯ ಮೊದಲ ಗುರುತು ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದಕ್ಕೂ ತಾತನಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಆಮೇಲಿನದು ನಿಧಾನವಾಗಿ ಬಂತು. ಪಂಚೆ ಸರಿಯಾಗಿ ಒಗೆಯುತ್ತಿಲ್ಲ, ಹಳದಿ ತಿರುಗಿದೆ ಎಂದು ತಾತ ಅಮ್ಮನ ಮೇಲೆ ಬೇಸರ ಮಾಡಿಕೊಳ್ಳತೊಡಗಿದರು. ಅಮ್ಮ ನೀಲಿ ಹೆಚ್ಚು ಹಾಕಿದರು, ಬಿಸಿನೀರಿನಲ್ಲಿ ನೆನೆಸಿದರು, ಸೋಪು ಬದಲಾಯಿಸಿದರು. ಪಂಚೆ ಬೆಳ್ಳಗೇ ಇತ್ತು. ಹಳದಿ ಇದ್ದದ್ದು ತಾತನ ಕಣ್ಣಿನೊಳಗೆ. ನಾಟಿ ಮಾಡಿದ ಗದ್ದೆಯ ನೀರಿನ ಮೇಲೆ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬದು ಕಾಣುತ್ತಿರಲಿಲ್ಲ. ಒಂದು ಸಂಜೆ ನಾಲೆಯ ಏರಿಯಿಂದ ಇಳಿಯುವಾಗ ಕಾಲು ತಪ್ಪಿ ಬಿದ್ದು ಮೊಣಕೈ ತರಚಿಕೊಂಡರು. ಆಗ ಅಪ್ಪ ನನಗೆ ಫೋನ್ ಮಾಡಿದರು.

ನಾನು ಫೋನಿನಲ್ಲಿ ಹೇಳಿದ್ದೆಲ್ಲ ನೀರಿಗೆ ಹೋಯಿತು. ತಾತನಿಗೆ ಕಿವಿ ಸ್ವಲ್ಪ ಮಂದ. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುವುದಿಲ್ಲ, "ಹೂಂ, ಆಗಲಿ ಕಣವ್ವ" ಎಂದು ಅಪ್ಪನ ಕೈಗೆ ಕೊಟ್ಟುಬಿಡುತ್ತಾರೆ. ಊರಿಗೆ ಹೋಗಿ ಎದುರಿಗೆ ಕೂತು ಹೇಳಿದೆ. ಎದುರಿಗೆ ಕೂತರೆ ನಾನು ಮೊಮ್ಮಗಳು. ಊಟವಾಯಿತೇ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂಬಲ್ಲಿಗೆ ಮಾತು ಹೊರಳುತ್ತಿತ್ತು. ಶಸ್ತ್ರಚಿಕಿತ್ಸೆ ಎಂದ ಕೂಡಲೇ ಎದ್ದು ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಮೂರನೆಯ ಸಲ ಹಾಗಾದಾಗ ಅಜ್ಜಿಯೇ ಹೇಳಿದರು: "ಅವರಿಗೆ ಕಾಗದ ಬರೆದು ಹಾಕು. ಕಾಗದ ಬಂದರೆ ಕೊನೆಯವರೆಗೂ ಕೂತು ಕೇಳುತ್ತಾರೆ. ಅದು ಅವರು ಬದುಕಿಡೀ ಮಾಡಿದ ಕೆಲಸ."

ಬರೆಯಲು ಕೂತಾಗ ಮೊದಲ ಸಾಲಿಗೇ ತಡೆ ಬಂತು. ನಾನು ತಾತನನ್ನು ನೀನು ಎಂದೇ ಕರೆಯುವುದು. ಆದರೆ ಓದುವವಳು ಎದುರುಮನೆಯ ಎಂಟನೇ ತರಗತಿಯ ಹುಡುಗಿ. ಅವಳ ಬಾಯಲ್ಲಿ, ನಾಲ್ಕು ಜನರ ಮುಂದೆ, ಊರಿನ ಹಿರಿಯರಿಗೆ ನೀನು ಎಂಬ ಮಾತು ಹೊರಡುವುದಿಲ್ಲ. ಹೊರಟರೂ ಅವಳಿಗೆ ಮುಜುಗರ. ಹಾಗಾಗಿ ಹುಟ್ಟಿದ ಮೇಲೆ ಮೊದಲ ಬಾರಿಗೆ ತಾತನಿಗೆ ನೀವು ಎಂದು ಬರೆದೆ. ಓದಿಸುವ ಕಾಗದದಲ್ಲಿ ಬರೆಯುವವಳ ದನಿ ಇರುವುದಿಲ್ಲ, ಓದುವವಳ ದನಿ ಇರುತ್ತದೆ ಎಂಬುದು ಆ ಒಂದು ಪದದಲ್ಲಿ ನನಗೆ ಗೊತ್ತಾಯಿತು.

ಅಲ್ಲಿಂದ ಮುಂದೆ ಆ ಹುಡುಗಿಯನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದೆ. ದಪ್ಪ ಅಕ್ಷರ, ಹಾಳೆಯ ಒಂದೇ ಮಗ್ಗುಲು. ಒಂದು ಹಾಳೆಗೆ ಒಂದೇ ವಿಷಯ, ಒಟ್ಟು ನಾಲ್ಕು ಹಾಳೆ. ಹಾಗಿದ್ದರೆ ತಾತ "ಆ ಮೂರನೇ ಹಾಳೆ ಇನ್ನೊಮ್ಮೆ ಓದು" ಎನ್ನಬಹುದು. ಖರ್ಚಿನ ಮಾತನ್ನು ಕಾಗದದಲ್ಲಿ ಬರೆಯಲೇ ಇಲ್ಲ. ಜಗಲಿಯಲ್ಲಿ ಓದುವ ಕಾಗದದಲ್ಲಿ ಹಣದ ಲೆಕ್ಕ ಇರಬಾರದು, ಅದನ್ನು ಅಪ್ಪನಿಗೆ ಬೇರೆಯಾಗಿ ತಿಳಿಸಿದೆ. ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಮೇಜಿನ ಮೇಲೆ ಮಲಗಿದ್ದಾಗ ಮೂತ್ರಕ್ಕೆ ಅವಸರವಾದರೆ ಏನು ಗತಿ ಎಂಬುದು ತಾತನ ದೊಡ್ಡ ಭಯ ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ್ದರು. ಅದನ್ನು ಹದಿಮೂರು ವರ್ಷದ ಹುಡುಗಿ ಗಟ್ಟಿಯಾಗಿ ಓದುವಂತಿಲ್ಲ. ಬಿಡುವಂತೆಯೂ ಇಲ್ಲ. ಅದಕ್ಕೆ ಮೂರನೇ ಹಾಳೆಯಲ್ಲಿ, "ಒಳಗೆ ಕರೆಯುವ ಮುಂಚೆ ಅಲ್ಲಿಯವರೇ ಎಲ್ಲರನ್ನೂ ಎಬ್ಬಿಸಿ, ಒಮ್ಮೆ ಹಿತ್ತಲಿಗೆ ಹೋಗಿ ಬನ್ನಿ ಎನ್ನುತ್ತಾರೆ. ಅಲ್ಲಿಂದ ಅರ್ಧ ಗಂಟೆಯೊಳಗೆ ನೀವು ಮತ್ತೆ ಹೊರಗಿರುತ್ತೀರಿ" ಎಂದು ಬರೆದೆ. ಯಾರಿಗೆ ತಲುಪಬೇಕೋ ಅವರಿಗೆ ತಲುಪಿತು.

ಮೊದಲ ಹಾಳೆ ಹೀಗಿತ್ತು:

"ಪೂಜ್ಯ ತಾತನವರಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಈ ಕಾಗದದಲ್ಲಿ ಕೆಟ್ಟ ಸುದ್ದಿ ಏನೂ ಇಲ್ಲ. ನಿಮ್ಮ ಕಣ್ಣಿನ ವಿಷಯ ಮಾತ್ರ ಇದೆ.

"ತಾತ, ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ತೊಗಲು ಎಂದು ನೀವು ತಿಳಿದಿದ್ದೀರಿ. ಅದು ಹಾಗಲ್ಲ. ಕಣ್ಣಿನ ಪಾಪೆಯ ಹಿಂದೆ ಒಂದು ಅವರೆಕಾಳಿನಷ್ಟು ದೊಡ್ಡ ಗಾಜಿನಂತಹ ವಸ್ತು ಇರುತ್ತದೆ. ಅದಕ್ಕೆ ಮಸೂರ ಎನ್ನುತ್ತಾರೆ. ಹೊರಗಿನ ಬೆಳಕು ಅದರ ಮೂಲಕವೇ ಒಳಗೆ ಹೋಗಬೇಕು. ಅವರೆಕಾಳಿಗೆ ಇರುವ ಹಾಗೆ ಅದಕ್ಕೂ ತೆಳುವಾದ ಸಿಪ್ಪೆ ಇದೆ. ಈ ಸಿಪ್ಪೆಯ ಮಾತನ್ನು ನೆನಪಿನಲ್ಲಿಡಿ, ಮುಂದಿನ ಹಾಳೆಯಲ್ಲಿ ಬೇಕಾಗುತ್ತದೆ.

"ಹಸಿ ಮೊಟ್ಟೆ ಒಡೆದರೆ ಅದರ ಲೋಳೆ ನೀರಿನಂತೆ ತಿಳಿಯಾಗಿರುತ್ತದೆ. ಬೇಯಿಸಿದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ವಯಸ್ಸಾದಂತೆ ನಿಮ್ಮ ಮಸೂರಕ್ಕೂ ಅಂಥದ್ದೇ ಆಗಿದೆ. ಅದು ಮೊದಲು ಹಳದಿಯಾಯಿತು, ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಅದಕ್ಕೇ ನಿಮಗೆ ಪಂಚೆ ಹಳದಿಯಾಗಿ ಕಾಣುತ್ತಿದ್ದುದು. ಅಮ್ಮನ ಒಗೆತದಲ್ಲಿ ತಪ್ಪಿಲ್ಲ. ಬೆಂದ ಮೊಟ್ಟೆಯನ್ನು ಮತ್ತೆ ಹಸಿ ಮಾಡುವ ಔಷಧ ಇಲ್ಲ. ಹಾಗೆಯೇ ಯಾವ ಹನಿ ಬಿಟ್ಟರೂ, ಯಾವ ಸೊಪ್ಪಿನ ರಸ ಹಿಂಡಿದರೂ ಈ ಪೊರೆ ಕರಗುವುದಿಲ್ಲ. ಸೊಪ್ಪಿನ ರಸದಿಂದ ಕಣ್ಣು ಹುಣ್ಣಾಗಬಹುದು. ಅದನ್ನು ಹಾಕಬೇಡಿ."

"ಅಮ್ಮನ ಒಗೆತದಲ್ಲಿ ತಪ್ಪಿಲ್ಲ" ಎಂಬ ಸಾಲನ್ನು ಬೇಕೆಂದೇ ಬರೆದೆ. ಕಾಗದ ಓದುವಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷ ಆ ಮಾತು ಕೇಳಿದವರು ಅವರು.

ಎರಡನೇ ಹಾಳೆಯೇ ನಿಜವಾದ ಹಾಳೆ. ತಾತನ ಭಯಕ್ಕೆ ಒಂದು ಕಾರಣವಿತ್ತು. ಅವರ ದೊಡ್ಡಕ್ಕನಿಗೆ ಬಹಳ ವರ್ಷಗಳ ಹಿಂದೆ ಶಾಲೆಯೊಂದರಲ್ಲಿ ನಡೆದ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಗ ತಾತನೇ ಜೊತೆಗಿದ್ದವರು. ಬೆಂಚುಗಳನ್ನು ಜೋಡಿಸಿ ಮಾಡಿದ ಹಾಸಿಗೆ, ತಲೆ ಅಲುಗದಂತೆ ಎರಡೂ ಮಗ್ಗುಲಿಗೆ ಮರಳಿನ ಚೀಲ, ದಿನಗಟ್ಟಲೆ ಅಂಗಾತ ಮಲಗಿದ್ದದ್ದು, ಚಮಚದಲ್ಲಿ ಗಂಜಿ ಕುಡಿಸಿದ್ದು ಎಲ್ಲವೂ ಅವರಿಗೆ ನೆನ್ನೆ ನಡೆದಂತೆ ನೆನಪಿದೆ. ಆಮೇಲೆ ಬಂದ ಸೋಡಾಬುಡ್ಡಿ ಕನ್ನಡಕದಲ್ಲಿ ಆಕೆಗೆ ಚೊಂಬು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತಿತ್ತು. ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. ಒಂದು ಜಾತ್ರೆಯಲ್ಲಿ ಕನ್ನಡಕ ಕಳೆದುಹೋಯಿತು. ಇನ್ನೊಂದನ್ನು ಮಾಡಿಸುವವರೆಗೂ ಆಕೆ ಗೋಡೆ ಹಿಡಿದುಕೊಂಡೇ ಓಡಾಡಿದರು.

ಅವರು ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನುವಂತಿಲ್ಲ. "ಈಗ ಹಾಗೇನೂ ಇಲ್ಲ ತಾತ, ಹೆದರಬೇಡಿ" ಎಂದರೆ ಅದು ಮಗುವಿಗೆ ಹೇಳುವ ಮಾತಾಗುತ್ತದೆ. ಆಗ ಯಾಕೆ ಹಾಗಿತ್ತು, ಈಗ ಏನು ಬದಲಾಯಿತು ಎಂದು ಹೇಳಬೇಕಿತ್ತು.

"ದೊಡ್ಡಜ್ಜಿಗೆ ಆದದ್ದನ್ನು ನೀವು ಹೇಳಿದ್ದು ನಿಜ. ಆಗ ಅವರೆಕಾಳನ್ನು ಸಿಪ್ಪೆಯ ಸಮೇತ ತೆಗೆದುಬಿಡುತ್ತಿದ್ದರು. ಅದಕ್ಕೆ ಕಣ್ಣನ್ನು ಅರ್ಧ ಸುತ್ತು ಕೊಯ್ಯಬೇಕಿತ್ತು, ಹೊಲಿಗೆ ಹಾಕಬೇಕಿತ್ತು. ಆ ಹೊಲಿಗೆ ಬಿಚ್ಚದಿರಲೆಂದು ಅಲುಗಾಡದೆ ಮಲಗಿಸುತ್ತಿದ್ದರು. ತೆಗೆದ ಜಾಗಕ್ಕೆ ಏನನ್ನೂ ಇಡುತ್ತಿರಲಿಲ್ಲ. ಒಳಗಿನ ಮಸೂರ ಮಾಡಬೇಕಾದ ಕೆಲಸವನ್ನೆಲ್ಲ ಹೊರಗಿನ ಕನ್ನಡಕ ಮಾಡಬೇಕಿತ್ತು. ಅದಕ್ಕೇ ಅದು ಅಷ್ಟು ದಪ್ಪ, ಅದಕ್ಕೇ ಚೊಂಬು ದೊಡ್ಡದಾಗಿ ಕಾಣುತ್ತಿದ್ದುದು.

"ಈಗ ಮಾಡುವುದು ಹಿತಕಿದ ಅವರೆಯ ಹಾಗೆ. ಸಿಪ್ಪೆಯ ಮುಂಭಾಗದಲ್ಲಿ ದುಂಡಗೆ ಒಂದು ಬಾಯಿ ಮಾಡುತ್ತಾರೆ. ಒಳಗಿನ ಬೇಳೆಯನ್ನು ಮಾತ್ರ ಹೊರಗೆ ತೆಗೆಯುತ್ತಾರೆ. ಸಿಪ್ಪೆ ಅಲ್ಲೇ ಉಳಿಯುತ್ತದೆ. ಆ ಖಾಲಿ ಸಿಪ್ಪೆಯೊಳಗೆ ಹೊಸ ಮಸೂರ ಇಡುತ್ತಾರೆ. ಅದು ಜೀವ ಇರುವವರೆಗೂ ಅಲ್ಲೇ ಇರುತ್ತದೆ. ತೊಳೆಯಬೇಕಾಗಿಲ್ಲ, ಜಾತ್ರೆಯಲ್ಲಿ ಕಳೆದುಹೋಗುವುದಿಲ್ಲ.

"ಹೊರಗಿನ ವಸ್ತುವನ್ನು ಕಣ್ಣು ಹೇಗೆ ಒಪ್ಪುತ್ತದೆ ಎಂದು ನೀವು ಕೇಳಬಹುದು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಕಣ್ಣಿನ ವೈದ್ಯರಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು, ಅದರ ಚೂರು ಕಣ್ಣಿಗೆ ಹೊಕ್ಕ ಸೈನಿಕರನ್ನು ಅವರು ನೋಡಿದರು. ಆ ಚೂರು ಒಳಗೇ ಉಳಿದರೂ ಕಣ್ಣು ಕೆರಳಿರಲಿಲ್ಲ. ಹಾಗಾದರೆ ಅದೇ ವಸ್ತುವಿನಿಂದ ಮಸೂರ ಮಾಡಿ ಇಡಬಹುದಲ್ಲ ಎಂದು ಅವರಿಗೆ ಹೊಳೆಯಿತು. 1949ರಲ್ಲಿ ಮೊದಲ ಬಾರಿಗೆ ಇಟ್ಟರು. ನಮ್ಮ ಕಡೆಯ ಶಿಬಿರಗಳಿಗೆ ಅದು ಬರುವಷ್ಟರಲ್ಲಿ ದಶಕಗಳೇ ಕಳೆದವು. ದೊಡ್ಡಜ್ಜಿಗೆ ಸಿಗಲಿಲ್ಲ, ನಿಮಗೆ ಸಿಗುತ್ತದೆ."

ಈ ಹಾಳೆಯ ಕೊನೆಗೆ ಊರಿನವರು ಹೇಳುವ ಎರಡು ಮಾತುಗಳಿಗೂ ಉತ್ತರ ಬರೆದೆ. ಪೊರೆ ಚೆನ್ನಾಗಿ ಬಲಿಯಲಿ ಎಂದು ಕಾಯಬೇಕು ಎಂಬುದು ಹಳೆಯ ಪದ್ಧತಿಯ ಕಾಲದ ಮಾತು. ಈಗ ಕಾದಷ್ಟೂ ಒಳಗಿನದು ಕಲ್ಲಾಗಿ ತೆಗೆಯುವುದು ಕಷ್ಟವಾಗುತ್ತದೆ. ಅತಿಯಾಗಿ ಬಲಿತರೆ ರಸ ಸೋರಿ ಕಣ್ಣಿನ ಒತ್ತಡ ಏರಿ ಇದ್ದ ದೃಷ್ಟಿಯೂ ಹೋಗಬಹುದು. ಇನ್ನೊಂದು, ಬೇಸಿಗೆಯಲ್ಲಿ ಮಾಡಿಸಬಾರದು ಎಂಬುದು. ಕೊಯ್ತ ಚಿಕ್ಕದಾದ ಮೇಲೆ ಕಾಲದ ಹಂಗಿಲ್ಲ. ಆದರೂ ಕಬ್ಬು ಕಡಿದು ಮುಗಿದು ಕೈ ಬಿಡುವಾಗಿರುವಾಗ ಬಂದರೆ ನಿಮ್ಮ ಮನಸ್ಸಿಗೂ ನೆಮ್ಮದಿ ಎಂದು ಸೇರಿಸಿದೆ.

ಮೂರನೇ ಹಾಳೆಯಲ್ಲಿ ಆ ದಿನ ನಡೆಯುವುದನ್ನು ಒಂದಾದ ಮೇಲೊಂದರಂತೆ ಬರೆದೆ. ಕಣ್ಣು ಕಾಣದವರಿಗೆ ಗೊತ್ತಿಲ್ಲದ ಜಾಗದಲ್ಲಿ ಅಂಜಿಕೆ ಹುಟ್ಟುವುದು ಮುಂದಿನ ಶಬ್ದ ಯಾವುದು, ಮುಂದಿನ ಸ್ಪರ್ಶ ಎಲ್ಲಿ ಎಂದು ತಿಳಿಯದಿದ್ದಾಗ. ಅದಕ್ಕೇ ಕಾಣುವುದನ್ನು ಬಿಟ್ಟು ಕೇಳುವುದನ್ನು, ಮುಟ್ಟುವುದನ್ನು ಬರೆದೆ.

"ಮೊದಲ ದಿನ ಪರೀಕ್ಷೆ ಮಾತ್ರ. ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ನಾಲ್ಕು ದಿಕ್ಕಿನಿಂದ ಟಾರ್ಚ್ ಬಿಟ್ಟು ಬೆಳಕು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ನೀವು ಸರಿಯಾಗಿ ಹೇಳಿದರೆ ಪೊರೆಯ ಹಿಂದಿನ ನರ ಚೆನ್ನಾಗಿದೆ ಎಂಬ ಭರವಸೆ ಸಿಗುತ್ತದೆ. ನರ ಕೆಟ್ಟಿದ್ದರೆ ಪೊರೆ ತೆಗೆದರೂ ಫಲವಿಲ್ಲ. ಕಣ್ಣಿನ ಮೂಲೆಯಲ್ಲಿ ಸ್ವಲ್ಪ ನೀರು ಬಿಡುತ್ತಾರೆ. ಅದು ಗಂಟಲಿಗೆ ಇಳಿದು ಉಪ್ಪುಪ್ಪು ಎನ್ನಿಸಿದರೆ ಹೇಳಿ. ಕಣ್ಣೀರಿನ ದಾರಿ ತೆರೆದಿದೆ, ಅಲ್ಲಿ ಕೀವು ಕಟ್ಟಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ. ಆಮೇಲೆ ಕಣ್ಣಿನ ಉದ್ದ ಅಳೆಯುತ್ತಾರೆ. ಚಪ್ಪಲಿಗೆ ಅಳತೆ ಇರುವಂತೆ ಮಸೂರಕ್ಕೂ ಅಳತೆ ಇದೆ.

"ಆ ದಿನ ಕಣ್ಣಿನ ಪಕ್ಕದಲ್ಲಿ ಒಂದು ಚುಚ್ಚುಮದ್ದು ಕೊಡುತ್ತಾರೆ. ಇಡೀ ದಿನದಲ್ಲಿ ನೋವಾಗುವುದು ಅದೊಂದೇ, ಚೇಳು ಕುಟುಕಿದ್ದಕ್ಕಿಂತ ಎಷ್ಟೋ ಕಡಿಮೆ. ಜ್ಞಾನ ತಪ್ಪಿಸುವುದಿಲ್ಲ. ಮಾತು ಕೇಳಿಸುತ್ತದೆ. ಮುಖದ ಮೇಲೆ ಬಟ್ಟೆ ಹಾಕುತ್ತಾರೆ, ಆ ಕಣ್ಣಿಗೆ ಮಾತ್ರ ತೂತು ಇರುತ್ತದೆ. ಉಸಿರು ಕಟ್ಟಿದಂತೆ ಅನ್ನಿಸಿದರೆ ಹೇಳಿ, ಬಟ್ಟೆಯನ್ನು ಎತ್ತಿ ಗಾಳಿಗೆ ಬಿಡುತ್ತಾರೆ. ಒಂದು ದೊಡ್ಡ ಬೆಳಕು ಕಾಣುತ್ತದೆ. ಮುಖದ ಪಕ್ಕಕ್ಕೆ ನೀರು ಹರಿಯುತ್ತದೆ. ಅದು ರಕ್ತವಲ್ಲ, ಕಣ್ಣು ತೊಳೆಯುವ ನೀರು.

"ಕೆಮ್ಮು ಬಂದರೆ ತಡೆದುಕೊಳ್ಳಬೇಡಿ, ತಟ್ಟನೆ ಕೆಮ್ಮಲೂ ಬೇಡಿ. ಕೈ ಎತ್ತಬೇಡಿ. 'ಕೆಮ್ಮು ಬರುತ್ತಿದೆ' ಎಂದು ಬಾಯಲ್ಲಿ ಹೇಳಿ. ವೈದ್ಯರು ಕೈಯಲ್ಲಿದ್ದುದನ್ನು ಹಿಂದಕ್ಕೆ ತೆಗೆದುಕೊಂಡು 'ಈಗ ಕೆಮ್ಮಿ' ಎನ್ನುತ್ತಾರೆ.

"ಕೊಯ್ತ ಒಂದು ಅಕ್ಕಿಕಾಳಿನ ಉದ್ದ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ನಾಲೆಯ ತೂಬಿಗೆ ಇಟ್ಟ ಹಲಗೆಯನ್ನು ನೀರೇ ಒತ್ತಿ ಹಿಡಿಯುವುದನ್ನು ನೀವು ನೋಡಿದ್ದೀರಿ. ಈ ಕೊಯ್ತವನ್ನೂ ಹಾಗೆ ಓರೆಯಾಗಿ ಮಾಡುತ್ತಾರೆ. ಕಣ್ಣಿನೊಳಗಿನ ನೀರೇ ಅದನ್ನು ಒಳಗಿನಿಂದ ಒತ್ತಿ ಮುಚ್ಚುತ್ತದೆ."

ತೂಬಿನ ಹೋಲಿಕೆ ಸಿಗಲು ನನಗೆ ಎರಡು ದಿನ ಹಿಡಿಯಿತು. ಹೊಲಿಗೆ ಇಲ್ಲ ಎಂದರೆ ಹಳ್ಳಿಯ ರೋಗಿಗಳು ನೆಮ್ಮದಿಪಡುವ ಬದಲು ಗಾಬರಿಯಾಗುವುದನ್ನು ಆಸ್ಪತ್ರೆಯಲ್ಲಿ ದಿನವೂ ನೋಡುತ್ತೇನೆ. ಕೊಯ್ದು ಹೊಲಿಯದೆ ಬಿಟ್ಟರೆ ಹೇಗೆ ಎಂಬುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಐವತ್ತು ವರ್ಷ ಗದ್ದೆ ಮಾಡಿದವರಿಗೆ ನೀರಿನ ಒತ್ತಡ ಏನೆಂದು ನಾನು ಕಲಿಸಬೇಕಾಗಿರಲಿಲ್ಲ.

ನಾಲ್ಕನೇ ಹಾಳೆ ಬರೆಯುವಾಗ ಬಹಳ ಹೊತ್ತು ಯೋಚಿಸಿದೆ. ಏನು ಕೆಡಬಹುದು ಎಂಬುದನ್ನು ಹೇಳಿದರೆ ತಾತ ಹಿಂದೆ ಸರಿಯಬಹುದು. ಹೇಳದಿದ್ದರೆ, ಕೆಟ್ಟಾಗ ಮನೆಯಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ಕೊನೆಗೆ ಬರೆದೆ. ಗಟ್ಟಿಯಾಗಿ ಓದುವ ಕಾಗದಕ್ಕೆ ಒಂದು ಅನುಕೂಲವಿದೆ: ಅದನ್ನು ಇಡೀ ಮನೆ ಕೇಳುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಕೊಟ್ಟ ಚೀಟಿ ಜೇಬಿನಲ್ಲೇ ಮುದುಡಿ ಹೋಗುವುದುಂಟು. ಜಗಲಿಯಲ್ಲಿ ಓದಿದ್ದು ಅಪ್ಪ, ಅಮ್ಮ, ಅಜ್ಜಿ, ಓದಿದ ಹುಡುಗಿ, ಅವಳ ತಾಯಿ ಎಲ್ಲರ ಕಿವಿಗೂ ಬೀಳುತ್ತದೆ.

"ಮನೆಗೆ ಬಂದ ಮೇಲೆ ಹನಿ ಬಿಡುವುದೇ ಮುಖ್ಯ ಕೆಲಸ. ಮೊದಲ ವಾರ ದಿನಕ್ಕೆ ಆರು ಸಲ, ಎರಡನೇ ವಾರ ಐದು ಸಲ, ಹೀಗೆ ವಾರಕ್ಕೊಂದು ಇಳಿಸುತ್ತಾ ಆರು ವಾರ ಬಿಡುವುದು ರೂಢಿ. ಆಸ್ಪತ್ರೆಯ ಚೀಟಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅದರಂತೆ ಮಾಡಿ. ಅಮ್ಮ, ಇದು ನಿನಗೆ: ಕೈ ತೊಳೆದುಕೊಂಡು, ಕೆಳಗಿನ ರೆಪ್ಪೆಯನ್ನು ಎಳೆದು ಆ ಚೀಲದಲ್ಲಿ ಒಂದೇ ಹನಿ ಬಿಡು. ಸೀಸೆಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಗಡಿಯಾರ ನೋಡಬೇಕಾಗಿಲ್ಲ. ಬೆಳಿಗ್ಗೆ ಹಾಲು ಕರೆದ ಮೇಲೆ ಒಂದು, ತಿಂಡಿಯ ಮೇಲೆ ಒಂದು, ಮಧ್ಯಾಹ್ನದ ಊಟಕ್ಕೆ ಒಂದು, ದನ ಮನೆಗೆ ಬಂದಾಗ ಒಂದು, ದೀಪ ಹಚ್ಚಿದಾಗ ಒಂದು, ಮಲಗುವಾಗ ಒಂದು.

"ತಾತ, ವೈದ್ಯರು ಸರಿ ಎನ್ನುವವರೆಗೆ ತಲೆಗೆ ನೀರು ಹಾಕಿಕೊಳ್ಳಬೇಡಿ. ಕೊಟ್ಟಿಗೆಗೆ ಹೋಗಬೇಡಿ. ಹುಲ್ಲಿನ ಹೊರೆ ಎತ್ತಬೇಡಿ. ಕಣ್ಣು ಉಜ್ಜಬೇಡಿ. ನಿದ್ದೆಯಲ್ಲಿ ಕೈ ಹೋಗುತ್ತದೆ, ಅದಕ್ಕೆ ರಾತ್ರಿ ಕಟ್ಟಿಕೊಳ್ಳಲು ಮುಚ್ಚಳ ಕೊಡುತ್ತಾರೆ.

"ಈಗ ಹೇಳುವುದನ್ನು ಎಲ್ಲರೂ ಕೇಳಿಸಿಕೊಳ್ಳಿ. ಸ್ವಲ್ಪ ಚುರುಚುರು ಎನ್ನುವುದು, ನೀರು ಬರುವುದು ಸಹಜ. ಅದು ದಿನದಿನಕ್ಕೆ ಕಡಿಮೆಯಾಗಬೇಕು. ಹಾಗಾಗದೆ ನೋವು ಏರುತ್ತಾ ಹೋದರೆ, ಕಣ್ಣು ಹೆಚ್ಚು ಕೆಂಪಾದರೆ, ಅಥವಾ ಚೆನ್ನಾಗಿ ಕಂಡದ್ದು ಮತ್ತೆ ಮಂಕಾದರೆ ಕಣ್ಣಿನೊಳಗೆ ಕೀವಾಗುತ್ತಿರಬಹುದು. ಇದು ಬಹಳ ಅಪರೂಪ, ಆದರೆ ಬಂದರೆ ಒಂದು ರಾತ್ರಿಯಲ್ಲಿ ಕಣ್ಣು ಹೋಗಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಯಾವ ಹೊತ್ತಾದರೂ ಹೊರಟು ಬನ್ನಿ. ಇನ್ನೊಂದು ಮಾತು. ಒಳಗೆ ಉಳಿಸಿದ ಸಿಪ್ಪೆ ಕೆಲವರಿಗೆ ತಿಂಗಳೋ ವರ್ಷವೋ ಕಳೆದ ಮೇಲೆ ಮಸುಕಾಗುತ್ತದೆ. ಪೊರೆ ಮತ್ತೆ ಬಂತು ಎಂದು ಹೆದರಬೇಡಿ. ಕೊಯ್ಯದೆ, ಲೇಸರ್ ಬೆಳಕಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿ ಮಾಡುತ್ತಾರೆ."

ನಾಲ್ಕು ಹಾಳೆಗಳನ್ನು ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕುವ ಮುಂಚೆ ಕೋಣೆಯ ಬಾಗಿಲು ಮುಚ್ಚಿಕೊಂಡು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಎಲ್ಲಿ ನನ್ನ ಉಸಿರು ಸಾಲದೆ ಬಂತೋ ಅಲ್ಲಿ ವಾಕ್ಯವನ್ನು ಮುರಿದೆ. ಅದಕ್ಕಾಗಿ ಎರಡನೇ ಹಾಳೆಯನ್ನು ಹೊಸದಾಗಿ ಬರೆಯಬೇಕಾಯಿತು.

ಮೂರನೇ ದಿನ ಕಾಗದ ತಲುಪಿತು. ನಡೆದದ್ದನ್ನು ಅಪ್ಪ ಹೇಳಿದರು. ಸಂಜೆ ಹುಡುಗಿ ಬಂದು ಕೂತಾಗ ಜಗಲಿಯಲ್ಲಿ ಅಜ್ಜಿ ಮತ್ತು ಅಕ್ಕಪಕ್ಕದ ಹೆಂಗಸರು ನೆನೆಸಿದ ಅವರೆ ಹಿತಕುತ್ತಿದ್ದರಂತೆ. ತಾತ ಮೊದಲು, "ಮನಸ್ಸಿನಲ್ಲೇ ಒಮ್ಮೆ ಓದಿಕೊ, ಆಮೇಲೆ ಗಟ್ಟಿಯಾಗಿ ಓದು" ಎಂದು ಅವಳಿಗೆ ಹೇಳಿದರು. ನೀವು ಎಂಬ ಮಾತು ಬಂದಾಗ ಹುಬ್ಬು ಮೇಲೆ ಹೋಯಿತು, ಆದರೆ ಏನೂ ಅನ್ನಲಿಲ್ಲ. ಸಿಪ್ಪೆಯ ಮಾತು ಬಂದಾಗ ಅಜ್ಜಿ ಒಂದು ಅವರೆಕಾಳನ್ನು ತಾತನ ಅಂಗೈಗೆ ಹಾಕಿದರು. ತಾತ ಅದನ್ನು ಬೆರಳಲ್ಲಿ ತಡವಿ, ಮೆಲ್ಲಗೆ ಒತ್ತಿ, ಬೇಳೆ ಜಾರಿ ಹೊರಬಂದ ಮೇಲೆ ಕೈಯಲ್ಲುಳಿದ ಸಿಪ್ಪೆಯನ್ನು ಬಹಳ ಹೊತ್ತು ಹಿಡಿದುಕೊಂಡೇ ಕೇಳಿದರಂತೆ. ಮೂರನೇ ಹಾಳೆಯನ್ನು ಮೂರು ಸಲ ಓದಿಸಿದರು. ದೊಡ್ಡಜ್ಜಿಯ ಮಾತು ಬಂದಲ್ಲಿ ಮಾತ್ರ ಹುಡುಗಿಯನ್ನು ನಿಲ್ಲಿಸಿ ಸುಮ್ಮನೆ ಕೂತಿದ್ದರು.

ಉತ್ತರವನ್ನು ಆ ಹುಡುಗಿಯ ಕೈಯಲ್ಲೇ ಕಾರ್ಡಿನಲ್ಲಿ ಬರೆಸಿದರು. ಕ್ಷೇಮ ಸಮಾಚಾರ ಬಿಟ್ಟರೆ ಅದರಲ್ಲಿದ್ದದ್ದು ಎರಡು ಸಾಲು. "ಕಬ್ಬು ಕಡಿದ ಮೇಲೆ ಬರುತ್ತೇನೆ. ಇನ್ನು ಮುಂದೆ ನೀನು ಎಂದೇ ಬರೆಯುವುದು."

ಶಿವರಾತ್ರಿ ಕಳೆದ ವಾರ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಮೇಜಿನ ಮೇಲೆ ಅವರಿಗೆ ಒಮ್ಮೆ ಕೆಮ್ಮು ಬಂತು. ಕಾಗದದಲ್ಲಿ ಇದ್ದಂತೆಯೇ, ಅದೇ ಎರಡು ಪದಗಳಲ್ಲಿ ಹೇಳಿದರಂತೆ. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮೊದಲು ನೋಡಿದ್ದು ಉಟ್ಟಿದ್ದ ಪಂಚೆಯನ್ನು. ಅಲ್ಲೇ ನಿಂತಿದ್ದ ಅಮ್ಮನ ಕಡೆ ತಿರುಗಿ ಏನೋ ಹೇಳಲು ಹೋಗಿ, ಹೇಳದೆ, ಅವರ ತಲೆಯ ಮೇಲೆ ಕೈಯಿಟ್ಟರು.

ಒಳಗಿಟ್ಟ ಮಸೂರ ದೂರದ ನೋಟಕ್ಕೆ. ಓದಲು ಕನ್ನಡಕ ಬೇಕು, ಅದನ್ನು ಕಣ್ಣು ಪೂರ್ತಿ ಮಾಗಿದ ಮೇಲೆ ಕೊಡುತ್ತಾರೆ. ಏಳನೇ ವಾರ ನಾನೇ ಅಳತೆ ನೋಡಿ, ಮಾಡಿಸಿ, ಊರಿಗೆ ತೆಗೆದುಕೊಂಡು ಹೋದೆ. ತಾತ ಕನ್ನಡಕ ಹಾಕಿಕೊಂಡು ಟ್ರಂಕಿನಿಂದ ಆ ನಾಲ್ಕು ಹಾಳೆಗಳನ್ನು ತೆಗೆದರು. ಅಷ್ಟು ದಿನ ಅವರು ಆ ಕಾಗದವನ್ನು ಮುಟ್ಟಿದ್ದರು, ಕೇಳಿದ್ದರು, ಮಡಚಿಟ್ಟಿದ್ದರು. ಮೊದಲ ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಆಮೇಲೆ ಅದನ್ನು ತೆಗೆದು ಬಲಗಣ್ಣನ್ನು ಮುಚ್ಚಿದರು. ಮತ್ತೆ ಎಡಗಣ್ಣು. ಒಂದು ಅಕ್ಷರವನ್ನೂ ಓದದೆ ಹಾಗೆಯೇ ಮೂರು ನಾಲ್ಕು ಸಲ ಮಾಡಿದರು.

"ನೀನು ಇದನ್ನು ನೀಲಿ ಶಾಯಿಯಲ್ಲಿ ಬರೆದಿದ್ದೆಯಾ?" ಎಂದು ಕೇಳಿದರು. "ನಾನು ಕಪ್ಪು ಎಂದುಕೊಂಡಿದ್ದೆ."